ಬಿಲ್ಲಿನಲ್ಲಿ ಮುರಿದ ತೆರಿಗೆ, ಪುಸ್ತಕದಲ್ಲಿ ನಿಲ್ಲುವ ಬಾಕಿ

ಆಳಂದದಲ್ಲಿ ಮೋಟರ್ ರಿಪೇರಿ ಅಂಗಡಿ ಇಟ್ಟುಕೊಂಡವರೊಬ್ಬರು ಕುಡಿಯುವ ನೀರಿನ ಪಂಪ್‌ಸೆಟ್ ದುರಸ್ತಿಯ ಕೆಲಸವನ್ನು ಒಂದು ಕಚೇರಿಗೆ ಮಾಡಿಕೊಟ್ಟರು ಎಂದಿಟ್ಟುಕೊಳ್ಳೋಣ. ಕೆಲಸದ ಮೊತ್ತ 2,00,000 ರೂಪಾಯಿ. ಅದರ ಮೇಲೆ ಶೇ 18ರಂತೆ ಜಿಎಸ್‌ಟಿ 36,000. ಬಿಲ್ ಒಟ್ಟು 2,36,000 ಆಯಿತು. ಬ್ಯಾಂಕಿಗೆ ಬಂದದ್ದು 2,34,000. ಅಂಗಡಿಯವರು ಫೋನ್ ಮಾಡಿ "ಸರ, ಎರಡು ಸಾವಿರ ಕಮ್ಮಿ ಬಂದದ" ಅಂದರೆ, ಆ ಕಡೆಯಿಂದ ಬರುವ ಉತ್ತರ ಎಲ್ಲ ಕಚೇರಿಗಳಲ್ಲೂ ಒಂದೇ: "ಟಿಡಿಎಸ್ ಮುರಕೊಂಡೀವ್ರಿ, ನಿಮ್ಮ ಪ್ಯಾನ್‌ಗೆ ಜಮಾ ಆಗ್ತದ."

ಆ ಮಾತು ನಿಜ. ಆದರೆ ಆ ಎರಡು ಸಾವಿರ ತಾನಾಗಿಯೇ ಅಂಗಡಿಯವರ ಕೈಸೇರುವುದಿಲ್ಲ. ಅದು ಯಾವ ಬಿಲ್ಲಿನಿಂದ ಮುರಿದದ್ದು, ಈಗ ಎಲ್ಲಿದೆ, ಯಾರ ಹೆಸರಿನಲ್ಲಿದೆ ಎಂದು ಬೆನ್ನುಹತ್ತಿ ನೋಡುವವರು ಬೇಕು. ಆಳಂದ, ಅಫಜಲಪುರ, ಜೇವರ್ಗಿಯಂಥ ತಾಲ್ಲೂಕು ಊರುಗಳಲ್ಲಿ ಹತ್ತಾರು ಅಂಗಡಿಗಳ ಲೆಕ್ಕ ಬರೆಯುವವರು ಸದ್ದಿಲ್ಲದೆ ಮಾಡುವ ಕೆಲಸ ಇದು. ಈ ಬರಹ ಆ ಕಸುಬಿನ ಪರಿಚಯ.

ಮೊದಲು ಕಡಿತ ಎಲ್ಲಿಂದ ಬಂತು ಎಂದು ನೋಡೋಣ. 1961ರ ಆದಾಯ ತೆರಿಗೆ ಕಾಯ್ದೆಯ 194ಸಿ ಕಲಮಿನಲ್ಲಿ 2026ರ ಮಾರ್ಚ್‌ವರೆಗೆ ಇದ್ದ ನಿಯಮದ ಪ್ರಕಾರ ಗುತ್ತಿಗೆ ಕೆಲಸಕ್ಕೆ ಹಣ ಕೊಡುವ ಕಚೇರಿ ಅಥವಾ ಕಂಪನಿ, ಕೆಲಸ ಮಾಡಿದವರು ಒಬ್ಬ ವ್ಯಕ್ತಿಯಾಗಿದ್ದರೆ ಶೇ 1, ಪಾಲುದಾರಿಕೆ ಸಂಸ್ಥೆಯೋ ಕಂಪನಿಯೋ ಆಗಿದ್ದರೆ ಶೇ 2ರಷ್ಟು ತೆರಿಗೆಯನ್ನು ಹಿಡಿದುಕೊಂಡು ಉಳಿದದ್ದನ್ನು ಕೊಡಬೇಕು. ಒಂದೇ ಬಿಲ್ 30,000 ರೂಪಾಯಿ ದಾಟಿದರೆ, ಇಲ್ಲವೇ ವರ್ಷದ ಬಿಲ್ಲುಗಳೆಲ್ಲ ಸೇರಿ 1,00,000 ದಾಟಿದರೆ ಈ ನಿಯಮ ಹತ್ತುತ್ತದೆ. ಪ್ಯಾನ್ ಕೊಡದವರಿಗೆ ಶೇ 20 ಮುರಿಯುತ್ತಾರೆ. ಬಿಲ್ಲಿನಲ್ಲಿ ಜಿಎಸ್‌ಟಿಯನ್ನು ಬೇರೆಯಾಗಿ ತೋರಿಸಿದ್ದರೆ ಅದರ ಮೇಲೆ ಕಡಿತ ಮಾಡಬಾರದು ಎಂದು ನೇರ ತೆರಿಗೆ ಮಂಡಳಿ 2017ರ ಜುಲೈನಲ್ಲಿ ಸುತ್ತೋಲೆ ಹೊರಡಿಸಿದೆ. ಆದ್ದರಿಂದಲೇ ನಮ್ಮ ಉದಾಹರಣೆಯಲ್ಲಿ ಕಡಿತ 2,360 ಅಲ್ಲ, 2,000. ಬಿಲ್ ಬರೆಯುವಾಗ ಜಿಎಸ್‌ಟಿಯನ್ನು ಕೆಲಸದ ಮೊತ್ತದೊಳಗೆ ಕಲಸಿಬಿಟ್ಟರೆ 360 ರೂಪಾಯಿ ಹೆಚ್ಚಿಗೆ ಸಿಕ್ಕಿಬೀಳುತ್ತದೆ. ಒಳ್ಳೆಯ ಲೆಕ್ಕದವರ ಕೆಲಸ ಹೀಗೆ ಬಿಲ್ ಬರೆಯುವ ಹೊತ್ತಿನಿಂದಲೇ ಶುರುವಾಗುತ್ತದೆ.

ಇನ್ನು ಪುಸ್ತಕದ ಕಡೆ. ಬಿಲ್ ಹೊರಟ ದಿನ ಗಿರಾಕಿಯ ಖಾತೆಯಲ್ಲಿ 2,36,000 ಬಾಕಿ ನಿಂತಿತು. ಹಣ ಬಂದ ದಿನ ಬರೆಯುವ ನಮೂದು ಹೀಗಿರುತ್ತದೆ:

ಬ್ಯಾಂಕ್ ಖಾತೆಗೆ ಖರ್ಚು: 2,34,000
ಟಿಡಿಎಸ್ ಬರಬೇಕಾದ ಬಾಕಿ ಖಾತೆಗೆ ಖರ್ಚು: 2,000
ಗಿರಾಕಿಯ ಖಾತೆಗೆ ಜಮಾ: 2,36,000

ಮೂರೇ ಸಾಲು. ಆದರೆ ಇದರಲ್ಲಿ ಒಂದು ಜಾಣತನ ಅಡಗಿದೆ. ಗಿರಾಕಿ ಕೊಡಬೇಕಾದದ್ದು ಪೂರ್ತಿ ತೀರಿತು, ಅವರ ಖಾತೆ ಸೊನ್ನೆಯಾಯಿತು. ಎರಡು ಸಾವಿರದ ಸಾಲಗಾರ ಮಾತ್ರ ಬದಲಾದ. ಮೊದಲು ಕಚೇರಿ ಕೊಡಬೇಕಿತ್ತು, ಈಗ ಆದಾಯ ತೆರಿಗೆ ಇಲಾಖೆ ಕೊಡಬೇಕು. ಇದು ಖರ್ಚಲ್ಲ, ರಿಯಾಯಿತಿಯೂ ಅಲ್ಲ, ನಷ್ಟವೂ ಅಲ್ಲ. ಅಂಗಡಿಯವರ ಆಸ್ತಿ. ಆದಕಾರಣ ಈ ಖಾತೆಯನ್ನು ಚಾಲ್ತಿ ಆಸ್ತಿಗಳ ಗುಂಪಿನಲ್ಲಿ ಇಡುತ್ತಾರೆ. ಟ್ಯಾಲಿಯಲ್ಲಿ ಬರೆಯುವವರು ರಸೀದಿ ವೋಚರ್‌ನಲ್ಲಿ ಗಿರಾಕಿಯ ಹೆಸರಿನ ಮುಂದೆ `Agst Ref` ಆರಿಸಿ ಅದೇ ಬಿಲ್ಲಿನ ನಂಬರಿಗೆ ಪೂರ್ತಿ 2,36,000 ಕಟ್ಟುತ್ತಾರೆ, ವಿವರಣೆಯ ಸಾಲಿನಲ್ಲಿ ಬಿಲ್ ನಂಬರು, ತಾರೀಖು, ಯಾವ ತ್ರೈಮಾಸಿಕ ಎಂದು ಬರೆದಿಡುತ್ತಾರೆ. ಆ ಒಂದು ಸಾಲಿನ ವಿವರಣೆ ಹತ್ತು ತಿಂಗಳ ನಂತರ ಕೆಲಸಕ್ಕೆ ಬರುತ್ತದೆ.

ಮಾರಾಟದ ಖಾತೆಯನ್ನು ಈ ನಮೂದು ಮುಟ್ಟುವುದಿಲ್ಲ ಎಂಬುದನ್ನೂ ಗಮನಿಸಬೇಕು. ಆದಾಯ 2,00,000 ಆಗಿಯೇ ಉಳಿಯುತ್ತದೆ, 1,98,000 ಆಗುವುದಿಲ್ಲ. 1961ರ ಕಾಯ್ದೆಯ 198ನೇ ಕಲಮು ಮುರಿದುಕೊಂಡ ತೆರಿಗೆಯೂ ನಿಮಗೆ ಬಂದ ಆದಾಯವೇ ಎನ್ನುತ್ತಿತ್ತು. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಬಿದ್ದ ಹಣವನ್ನಷ್ಟೇ ಕೂಡಿಸಿ ರಿಟರ್ನ್ ತುಂಬುವವರು ಇಲ್ಲಿ ಎಡವುತ್ತಾರೆ. ಇಲಾಖೆಯ ದಾಖಲೆಯಲ್ಲಿ ಎರಡು ಲಕ್ಷ ಎಂದಿದ್ದು ರಿಟರ್ನ್‌ನಲ್ಲಿ ಅದಕ್ಕಿಂತ ಕಡಿಮೆ ತೋರಿಸಿದರೆ ತೆರಿಗೆಯ ಜಮಾವನ್ನು ಪೂರ್ತಿ ಒಪ್ಪುವುದಿಲ್ಲ, ನೋಟಿಸೂ ಬರಬಹುದು.

ಈ ಎರಡು ಸಾವಿರ ಹಾಳಾಗುವ ದಾರಿಗಳು ಮುಖ್ಯವಾಗಿ ಮೂರು. ಒಂದು, ಕಡಿಮೆ ಬಂದ ಹಣವನ್ನು ರಿಯಾಯಿತಿ ಎಂದು ಬರೆದು ಕೈತೊಳೆದುಕೊಳ್ಳುವುದು. ಆಗ ತೆರಿಗೆಯ ಜಮಾ ಕೇಳುವ ನೆನಪೇ ಉಳಿಯುವುದಿಲ್ಲ. ಎರಡು, ಏನನ್ನೂ ಬರೆಯದೆ ಗಿರಾಕಿಯ ಖಾತೆಯಲ್ಲಿ ಬಾಕಿಯಾಗಿ ಬಿಡುವುದು. ಮೂರ್ನಾಲ್ಕು ವರ್ಷದ ಹಳೆಯ ಪುಸ್ತಕವನ್ನು ಕೈಗೆತ್ತಿಕೊಂಡ ನುರಿತವರು ಇದನ್ನು ನೋಡಿದ ಕೂಡಲೇ ಹಿಡಿಯುತ್ತಾರೆ. ಗಿರಾಕಿಯ ಹೆಸರಿನಲ್ಲಿ 2,000, 1,500, 850 ಎಂಬ ಚಿಲ್ಲರೆ ಬಾಕಿಗಳು ನಿಂತಿವೆ, ಪ್ರತಿಯೊಂದೂ ಜಿಎಸ್‌ಟಿ ಬಿಟ್ಟ ಬಿಲ್ ಮೊತ್ತದ ಸರಿಯಾಗಿ ನೂರನೇ ಒಂದು ಭಾಗ. ಅಂದರೆ ಅದು ಗಿರಾಕಿಯ ಬಾಕಿಯಲ್ಲ, ಟಿಡಿಎಸ್. ಮೂರನೆಯ ದಾರಿ, ಬೇರೆ ಬೇರೆ ಕಡಿತಗಳನ್ನೆಲ್ಲ ಒಂದೇ ಖಾತೆಗೆ ತುಂಬುವುದು. ಇದು ಸ್ವಲ್ಪ ವಿವರವಾಗಿ ನೋಡಬೇಕಾದದ್ದು.

ಅದೇ ಅಂಗಡಿಯವರಿಗೆ ಮುಂದಿನ ವರ್ಷ 5,00,000ದ ಕೆಲಸ ಸಿಕ್ಕಿತು ಎನ್ನೋಣ. ಜಿಎಸ್‌ಟಿ 90,000 ಸೇರಿ ಬಿಲ್ 5,90,000. ಸರ್ಕಾರಿ ಕಚೇರಿಯ ಗುತ್ತಿಗೆ ಎರಡೂವರೆ ಲಕ್ಷ ದಾಟಿದರೆ ಆದಾಯ ತೆರಿಗೆಯಲ್ಲದೆ ಜಿಎಸ್‌ಟಿಯ ಟಿಡಿಎಸ್ ಕೂಡ ಮುರಿಯಬೇಕು. ಅದು ಶೇ 2, 2018ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಹಾಗಾಗಿ ಆದಾಯ ತೆರಿಗೆ 5,000, ಜಿಎಸ್‌ಟಿ ಟಿಡಿಎಸ್ 10,000 ಹೋಗುತ್ತದೆ. ಕೆಲಸ ಚೆನ್ನಾಗಿ ನಿಂತರೆ ಆಮೇಲೆ ಮರಳಿಸುವ ಭದ್ರತಾ ಠೇವಣಿಯನ್ನೂ ಹಿಡಿದಿರಬಹುದು. ಕಟ್ಟಡದ ಕೆಲಸವಾದರೆ ಕಾರ್ಮಿಕ ಕಲ್ಯಾಣದ ಸೆಸ್ ಬೇರೆ.

ಬ್ಯಾಂಕಿನ ಮೆಸೇಜಿನಲ್ಲಿ ಕಾಣುವುದು ನಿವ್ವಳ ಅಂಕಿ ಒಂದೇ. ಅದನ್ನು ಬಿಡಿಸಿ ನೋಡುವುದೇ ಕೌಶಲ. ಆದಾಯ ತೆರಿಗೆಯ 5,000 ವರ್ಷದ ರಿಟರ್ನ್‌ನಲ್ಲಿ ಸಿಗುತ್ತದೆ. ಜಿಎಸ್‌ಟಿಯ 10,000, ಜಿಎಸ್‌ಟಿ ಪೋರ್ಟಲ್‌ನಲ್ಲಿ ಒಪ್ಪಿಗೆ ಕೊಟ್ಟ ಮೇಲೆ ಅಲ್ಲಿಯ ನಗದು ಲೆಡ್ಜರಿಗೆ ಬಂದು, ಮುಂದೆ ಜಿಎಸ್‌ಟಿ ಕಟ್ಟಲು ಒದಗುತ್ತದೆ. ಠೇವಣಿ ಅದೇ ಕಚೇರಿಯಿಂದ ಬರಬೇಕು. ಸೆಸ್ ಮರಳಿ ಬರುವುದೇ ಇಲ್ಲ, ಅದು ಖರ್ಚು. ನಾಲ್ಕು ಕಡಿತಕ್ಕೆ ನಾಲ್ಕು ಖಾತೆ ಬೇಕು. ಎಲ್ಲವನ್ನೂ "ಕಚೇರಿ ಕಡಿತ" ಎಂಬ ಒಂದೇ ಖಾತೆಗೆ ಹಾಕಿದರೆ ಯಾವುದನ್ನು ಯಾರ ಹತ್ತಿರ ಕೇಳಬೇಕು ಎಂಬುದೇ ಗೊತ್ತಾಗುವುದಿಲ್ಲ. ಆದ್ದರಿಂದ ನುರಿತವರು ಹಣ ಬಂದ ದಿನವೇ ಕಚೇರಿಯಿಂದ ಕಡಿತದ ವಿವರವಿರುವ ಹಾಳೆ ತರಿಸಿಕೊಳ್ಳುತ್ತಾರೆ, ಅಂದಾಜಿನ ಮೇಲೆ ಬರೆಯುವುದಿಲ್ಲ.

ಅಫಜಲಪುರದ ಕಡೆ ಬಂದರೆ ಪ್ರಶ್ನೆ ಬೇರೆ ರೂಪ ತಾಳುತ್ತದೆ. ಭೀಮಾ ದಂಡೆಯ ಈ ಸೀಮೆಯಲ್ಲಿ ಕಬ್ಬು ಇದೆ, ಹಾವಳಗಾದಲ್ಲಿ ಸಕ್ಕರೆ ಕಾರ್ಖಾನೆ ಇದೆ, ಆಳಂದ ತಾಲ್ಲೂಕಿನ ಭೂಸನೂರಿನಲ್ಲೂ ಇದೆ. ಕಬ್ಬು, ಸಕ್ಕರೆ ಸಾಗಿಸುವ ಲಾರಿ ಮಾಲೀಕರ ಹತ್ತಿರ ವರ್ಷದಲ್ಲಿ ಯಾವತ್ತೂ ಹತ್ತಕ್ಕಿಂತ ಹೆಚ್ಚು ಗಾಡಿ ಇಲ್ಲದಿದ್ದರೆ, ಹಾಗೆಂದು ಬರೆದುಕೊಟ್ಟು ಪ್ಯಾನ್ ಕೊಟ್ಟರೆ ಬಾಡಿಗೆಯಲ್ಲಿ ಟಿಡಿಎಸ್ ಮುರಿಯುವಂತಿಲ್ಲ. ಆದರೆ ಗಾಡಿ, ಯಂತ್ರಗಳ ರಿಪೇರಿ ಮಾಡುವ ವರ್ಕ್‌ಶಾಪಿಗೆ ಆ ವಿನಾಯಿತಿ ಇಲ್ಲ.

ಅಂಥ ವರ್ಕ್‌ಶಾಪೊಂದು ಒಂದು ಕಂಪನಿಗೆ ತಿಂಗಳಿಗೆ 20,000ದ ಬಿಲ್ ಕೊಡುತ್ತದೆ ಎನ್ನಿ. ಪ್ರತಿ ಬಿಲ್ಲೂ 30,000ದೊಳಗೇ ಇದೆ, ಕಡಿತವಿಲ್ಲ. ಐದು ಬಿಲ್ ಸೇರಿದರೂ ಸರಿಯಾಗಿ 1,00,000, ಇನ್ನೂ ದಾಟಿಲ್ಲ. ಆರನೆಯ ಬಿಲ್ಲಿಗೆ ಮೊತ್ತ 1,20,000 ಆಗುತ್ತದೆ. ಆಗ ಕಂಪನಿಯವರು ಇಡೀ 1,20,000ದ ಮೇಲೆ ಶೇ 1 ಲೆಕ್ಕ ಹಾಕಿ 1,200 ರೂಪಾಯಿಯನ್ನು ಆ ಒಂದೇ ಬಿಲ್ಲಿನಿಂದ ಹಿಡಿಯುತ್ತಾರೆ. ವರ್ಕ್‌ಶಾಪಿನವರಿಗೆ ಇಪ್ಪತ್ತು ಸಾವಿರದಲ್ಲಿ ಶೇ 6 ಮುರಿದಂತೆ ಕಾಣುತ್ತದೆ, ಜಗಳಕ್ಕೆ ಹೊರಡುತ್ತಾರೆ. ಹಿಂದಿನ ಐದು ಬಿಲ್ಲುಗಳನ್ನು ಎದುರಿಗಿಟ್ಟು ಕೂಡಿಸಿ ತೋರಿಸುವ ಲೆಕ್ಕದವರು ಆ ಜಗಳವನ್ನು ಅಲ್ಲೇ ನಿಲ್ಲಿಸುತ್ತಾರೆ. ನಮೂದನ್ನು ಆರನೆಯ ಬಿಲ್ಲಿಗೇ ಕಟ್ಟುತ್ತಾರೆ, ಆದರೆ ವಿವರಣೆಯಲ್ಲಿ "ಬಿಲ್ 1ರಿಂದ 6ರವರೆಗಿನ ಕಡಿತ" ಎಂದು ಬರೆಯುತ್ತಾರೆ.

ಮಾರ್ಚ್ ತಿಂಗಳ ಗಂಟು ಇದಕ್ಕಿಂತ ಬಿಗಿ. ಹಣ ಕೊಡುವವರು ಬಿಲ್ಲನ್ನು ತಮ್ಮ ಪುಸ್ತಕದಲ್ಲಿ ಬರೆದ ದಿನ ಅಥವಾ ಹಣ ಕೊಟ್ಟ ದಿನ, ಯಾವುದು ಮೊದಲೋ ಆ ದಿನ ತೆರಿಗೆ ಮುರಿಯಬೇಕು. ವರ್ಕ್‌ಶಾಪಿನವರು 2024ರ ಮಾರ್ಚ್ 28ರಂದು 1,50,000ದ ಬಿಲ್ ಕೊಟ್ಟು ಅದೇ ವರ್ಷದ ಆದಾಯದಲ್ಲಿ ತೋರಿಸಿದರು. ಕಂಪನಿಯವರು ಅದನ್ನು ಏಪ್ರಿಲ್‌ನಲ್ಲಿ ಬರೆದುಕೊಂಡು ಆಗ 1,500 ಮುರಿದರು. ಆದಾಯ ಒಂದು ವರ್ಷಕ್ಕೆ, ತೆರಿಗೆ ಇನ್ನೊಂದು ವರ್ಷಕ್ಕೆ ಹೋಯಿತು. ಆದಾಯ ಯಾವ ವರ್ಷದ್ದೋ ತೆರಿಗೆಯ ಜಮಾವೂ ಆ ವರ್ಷದ್ದೇ ಎಂಬುದು ನಿಯಮ. ಹಿಂದೆ ಇಂಥ ಹಣ ನಡುವೆ ಸಿಕ್ಕಿಹಾಕಿಕೊಳ್ಳುತ್ತಿತ್ತು. 2023ರ ಅಕ್ಟೋಬರ್ 1ರಿಂದ ಇದಕ್ಕೆಂದೇ ಫಾರ್ಮ್ 71 ಬಂತು. ತೆರಿಗೆ ಮುರಿದ ಹಣಕಾಸು ವರ್ಷ ಮುಗಿದ ಮೇಲೆ ಎರಡು ವರ್ಷದೊಳಗೆ ಅದನ್ನು ಸಲ್ಲಿಸಿ ಹಿಂದಿನ ವರ್ಷದ ಲೆಕ್ಕಕ್ಕೆ ಜಮಾ ಕೇಳಬಹುದು. ಆದರೆ ಆ 1,500 ಯಾವ ಬಿಲ್ಲಿನದು ಎಂದು ಪುಸ್ತಕ ಹೇಳಿದರೆ ಮಾತ್ರ ಅರ್ಜಿ ತುಂಬಲು ಬರುತ್ತದೆ. ಬಿಲ್ಲಿಗೆ ಕಟ್ಟಿ ಬರೆಯಬೇಕು ಎಂದು ಹಟ ಹಿಡಿಯುವುದು ಇದಕ್ಕೇ.

ಜೇವರ್ಗಿಯ ತೊಗರಿ ವ್ಯಾಪಾರದಲ್ಲಿ ಅಂಕಿಗಳು ಸಣ್ಣವು, ನಿಯಮ ನಾಜೂಕಿನದು. 2021ರ ಜುಲೈ 1ರಿಂದ ಜಾರಿಗೆ ಬಂದ ಹಳೆಯ ಕಾಯ್ದೆಯ 194ಕ್ಯೂ ಕಲಮಿನ ನಿಯಮದಂತೆ, ಹಿಂದಿನ ವರ್ಷದ ವಹಿವಾಟು 10 ಕೋಟಿ ದಾಟಿದ ಖರೀದಿದಾರರು ಒಬ್ಬ ಮಾರಾಟಗಾರರಿಂದ ವರ್ಷದಲ್ಲಿ 50 ಲಕ್ಷಕ್ಕಿಂತ ಹೆಚ್ಚು ಮಾಲು ಕೊಂಡರೆ, ಹೆಚ್ಚಿನ ಮೊತ್ತದ ಮೇಲೆ ಮಾತ್ರ ಶೇ 0.1 ಮುರಿಯಬೇಕು. ವ್ಯಾಪಾರಿಯೊಬ್ಬರು ದೊಡ್ಡ ದಾಲ್‌ಮಿಲ್ಲಿಗೆ ಇದುವರೆಗೆ 48 ಲಕ್ಷದ ತೊಗರಿ ಹಾಕಿದ್ದಾರೆ. ಮುಂದಿನ ಬಿಲ್ 5 ಲಕ್ಷ. ಅದರಲ್ಲಿ 2 ಲಕ್ಷಕ್ಕೆ ಕಡಿತವಿಲ್ಲ, 3 ಲಕ್ಷಕ್ಕೆ 300 ರೂಪಾಯಿ. ಆಮೇಲಿನ 5 ಲಕ್ಷದ ಬಿಲ್ಲಿಗೆ ಪೂರ್ತಿ 500. ಗುತ್ತಿಗೆಯ ಕೆಲಸದಲ್ಲಿ ಮಿತಿ ದಾಟಿದರೆ ಮೊದಲಿನಿಂದಲೂ ಕಡಿತ, ಇಲ್ಲಿ ದಾಟಿದ್ದರ ಮೇಲಷ್ಟೇ. ಈ ವ್ಯತ್ಯಾಸ ಗೊತ್ತಿಲ್ಲದ ಗುಮಾಸ್ತರು ಇಡೀ 53 ಲಕ್ಷಕ್ಕೆ 5,300 ಮುರಿದಿದ್ದರೆ ಪಟ್ಟಿ ಇಟ್ಟುಕೊಂಡ ವ್ಯಾಪಾರಿ ಅದೇ ವಾರ ಕೇಳಬಲ್ಲರು. ತೊಗರಿ ವ್ಯಾಪಾರದಲ್ಲಿ ತೂಕ, ತೇವಾಂಶ, ಹಮಾಲಿ ಎಂದು ಬಿಲ್ಲಿನಲ್ಲಿ ಬೇರೆ ಕಡಿತಗಳೂ ಇರುವುದರಿಂದ ಮುನ್ನೂರು ರೂಪಾಯಿ ಅವುಗಳೊಳಗೆ ಸುಲಭವಾಗಿ ಮುಳುಗಿಹೋಗುತ್ತದೆ. ಅದನ್ನು ಬೇರೆ ತೆಗೆದು ಬರೆಯುವ ತಾಳ್ಮೆಗೆ ಬೆಲೆ ಇದೆ.

ಬರೆದಿಟ್ಟ ಮೇಲೆ ಹೊಂದಿಸಿ ನೋಡುವ ಕೆಲಸ. ಮುರಿದ ತೆರಿಗೆಯನ್ನು ಕಂಪನಿ ಮುಂದಿನ ತಿಂಗಳ 7ರೊಳಗೆ ಕಟ್ಟಬೇಕು, ಮಾರ್ಚ್‌ನದಕ್ಕೆ ಏಪ್ರಿಲ್ 30ರವರೆಗೆ ಕಾಲಾವಕಾಶ. ಕಟ್ಟಿದರಷ್ಟೇ ಸಾಲದು. ಯಾರ ಪ್ಯಾನ್‌ಗೆ ಎಷ್ಟು ಎಂಬ ತ್ರೈಮಾಸಿಕ ವಿವರಣೆಯನ್ನು ಸಲ್ಲಿಸಬೇಕು, ಹಳೆಯ ಕಾಯ್ದೆಯಲ್ಲಿ ಅದು ಫಾರ್ಮ್ 26ಕ್ಯೂ ಆಗಿತ್ತು. ಅದರ ಗಡುವು ಜುಲೈ 31, ಅಕ್ಟೋಬರ್ 31, ಜನವರಿ 31, ಮೇ 31. ಖಜಾನೆಯ ಮೂಲಕ ಹಣ ಕೊಡುವ ಸರ್ಕಾರಿ ಕಚೇರಿಗಳಲ್ಲಿ ಇನ್ನೊಂದು ಕೊಂಡಿ ಇದೆ. ಅಲ್ಲಿ ಚಲನ್ ಇರುವುದಿಲ್ಲ, ಖಜಾನೆಯವರು ತಿಂಗಳಿಗೊಮ್ಮೆ ತಮ್ಮ ವಿವರಣೆ ಸಲ್ಲಿಸಿದಾಗ ಒಂದು ಪುಸ್ತಕ ಗುರುತಿನ ಸಂಖ್ಯೆ ಹುಟ್ಟುತ್ತದೆ, ಅದನ್ನು ಕಚೇರಿಯವರು ತಮ್ಮ ತ್ರೈಮಾಸಿಕ ವಿವರಣೆಯಲ್ಲಿ ಬರೆಯಬೇಕು. ಎರಡು ಕೈಗಳಲ್ಲಿ ಒಂದು ತಪ್ಪಿದರೂ ಗುತ್ತಿಗೆದಾರರ ಹೆಸರಿಗೆ ಏನೂ ಬರುವುದಿಲ್ಲ. ಎಲ್ಲ ಸರಿಯಾದರೆ ಆ ಅಂಕಿ ಗಾಜಿಯಾಬಾದ್‌ನ ವೈಶಾಲಿಯಲ್ಲಿರುವ ಟಿಡಿಎಸ್ ಸಂಸ್ಕರಣಾ ಕೇಂದ್ರವನ್ನು ದಾಟಿ ಅಂಗಡಿಯವರ ತೆರಿಗೆ ಜಮಾ ಪಟ್ಟಿಯಲ್ಲಿ ಕಾಣಿಸಿಕೊಳ್ಳುತ್ತದೆ, ಹಳೆಯ ಕಾಯ್ದೆಯಲ್ಲಿ ಅದರ ಹೆಸರು ಫಾರ್ಮ್ 26ಎಎಸ್ ಆಗಿತ್ತು.

ಗಡುವು ಮುಗಿದು ಎರಡು ವಾರವಾದ ಮೇಲೆ ಲೆಕ್ಕದವರು ಆ ಪಟ್ಟಿಯನ್ನು ಇಳಿಸಿಕೊಂಡು ತಮ್ಮ ಟಿಡಿಎಸ್ ಬಾಕಿ ಖಾತೆಯ ಪಕ್ಕದಲ್ಲಿ ಇಡುತ್ತಾರೆ. ಒಂದೊಂದೇ ಸಾಲು. ಎಡಗಡೆ ಪುಸ್ತಕದ ಬಿಲ್ ನಂಬರು, ಮೊತ್ತ, ಕಡಿತ. ಬಲಗಡೆ ಕಡಿತ ಮಾಡಿದವರ ಟ್ಯಾನ್, ಕಲಮು, ತಾರೀಖು, ಮೊತ್ತ, ಮುರಿದದ್ದು, ಕಟ್ಟಿದ್ದು. ಮುರಿದ ಅಂಕಿಗೂ ಕಟ್ಟಿದ ಅಂಕಿಗೂ ವ್ಯತ್ಯಾಸ ಇದೆಯೇ ಎಂದು ನೋಡುತ್ತಾರೆ. ಸ್ಥಿತಿಯ ಕಾಲಮಿನಲ್ಲಿ `F` ಇದ್ದರೆ ಕಟ್ಟಿದ ಹಣಕ್ಕೂ ವಿವರಣೆಗೂ ತಾಳೆಯಾಗಿದೆ ಎಂದರ್ಥ. `U` ಇದ್ದರೆ ಇನ್ನೂ ತಾಳೆಯಾಗಿಲ್ಲ. ಅಂಗಡಿಯ ಸಾಲುಗಳಲ್ಲಿ ಬಲಗಡೆ ಜೊತೆ ಸಿಗದವು ಉಳಿದರೆ ಅವು ಕಚೇರಿಯವರು ಸಲ್ಲಿಸದ, ಇಲ್ಲವೇ ಪ್ಯಾನ್ ತಪ್ಪು ಬರೆದ ಪ್ರಕರಣಗಳು. ಬಲಗಡೆ ಇದ್ದು ಎಡಗಡೆ ಇಲ್ಲದಿದ್ದರೆ ಪುಸ್ತಕದಲ್ಲೇ ಬಿಲ್ ಬಿಟ್ಟುಹೋಗಿದೆ, ಇಲ್ಲವೇ ಬೇರೆಯವರ ಹಣ ನಮ್ಮ ಪ್ಯಾನ್‌ಗೆ ಬಂದಿದೆ. ಅದನ್ನು ಸಿಕ್ಕಿತೆಂದು ಇಟ್ಟುಕೊಳ್ಳಬಾರದು.

ಜೊತೆ ಸಿಗದ ಸಾಲಿಗೆ ಮದ್ದು ಒಂದು ಪತ್ರ. ಬಿಲ್ ನಂಬರು, ತಾರೀಖು, ಮೊತ್ತ, ಮುರಿದ ತೆರಿಗೆ, ಹಣ ಬಂದ ದಿನ, ಸರಿಯಾದ ಪ್ಯಾನ್ ಇಷ್ಟನ್ನು ಒಂದೇ ಹಾಳೆಯಲ್ಲಿ ಬರೆದು ಕೊಟ್ಟರೆ ಕಚೇರಿಯವರು ತಿದ್ದುಪಡಿ ವಿವರಣೆ ಸಲ್ಲಿಸಬಹುದು. ತಿದ್ದುವ ಅಧಿಕಾರ ಅವರಿಗೆ ಮಾತ್ರ, ಅಂಗಡಿಯವರು ತಾವೇ ತಿದ್ದಲಾರರು. ಹಿಡಿದುಕೊಂಡ ತೆರಿಗೆಯನ್ನು ಇನ್ನೊಮ್ಮೆ ನಿಮ್ಮಿಂದ ಕೇಳುವಂತಿಲ್ಲ ಎಂದು 205ನೇ ಕಲಮು ರಕ್ಷಣೆ ಕೊಟ್ಟಿತ್ತು ನಿಜ. ಆದರೆ ಆ ರಕ್ಷಣೆ ಕೇಳಲೂ ತೆರಿಗೆ ಮುರಿದದ್ದಕ್ಕೆ ಪುರಾವೆ ಬೇಕು. ಬಿಲ್, ಕಡಿತದ ಹಾಳೆ, ಬ್ಯಾಂಕ್ ನಮೂದು, ಈ ಮೂರೇ ಪುರಾವೆ.

ಇಷ್ಟು ಸಣ್ಣ ಮೊತ್ತಕ್ಕೆ ಇಷ್ಟೊಂದು ಶ್ರಮವೇ ಎಂದು ಕೇಳಬಹುದು. ವರ್ಷಕ್ಕೆ 18 ಲಕ್ಷದ ಗುತ್ತಿಗೆ ಕೆಲಸ ಮಾಡಿ, ಎಲ್ಲ ಹಣವನ್ನೂ ಬ್ಯಾಂಕಿನಲ್ಲೇ ಪಡೆಯುವ ಒಬ್ಬರನ್ನು ತೆಗೆದುಕೊಳ್ಳಿ. ಹಳೆಯ ಕಾಯ್ದೆಯ 44ಎಡಿ ಕಲಮಿನ ಅಂದಾಜು ಲಾಭ ಶೇ 6ರಂತೆ 1,08,000. ಬೇರೆ ಆದಾಯವಿಲ್ಲದಿದ್ದರೆ ಅದಕ್ಕೆ ತೆರಿಗೆಯೇ ಬೀಳುವುದಿಲ್ಲ. ಆದರೆ ವರ್ಷವಿಡೀ ಶೇ 1ರಂತೆ 18,000 ಮುರಿದುಹೋಗಿದೆ. ಅಂದಾಜು ಲಾಭದ ಆರನೇ ಒಂದು ಭಾಗ ಅದು. ಲೆಕ್ಕ ಸರಿಯಿದ್ದರೆ ಪೂರ್ತಿ ಮರಳಿ ಬರುತ್ತದೆ. ಇಲ್ಲದಿದ್ದರೆ ಹೋದದ್ದೇ.

2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದಿದೆ. 194ಸಿ, 194ಕ್ಯೂ ಎಂದು ಚದುರಿಕೊಂಡಿದ್ದ ಕಡಿತದ ನಿಯಮಗಳೆಲ್ಲ ಈಗ 393ನೇ ಕಲಮಿನ ಪಟ್ಟಿಯಲ್ಲಿ ಒಟ್ಟಿಗೆ ಇವೆ. ಪುಸ್ತಕದಲ್ಲಿ ಬರೆಯುವ ಮೂರು ಸಾಲು ಬದಲಾಗಿಲ್ಲ. ಬದಲಾದದ್ದು ಗಡುವು. ಕಡಿತ ಮಾಡಿದವರು ತಮ್ಮ ವಿವರಣೆಯನ್ನು ತಿದ್ದಲು ಮೊದಲು ಆರು ವರ್ಷ ಇತ್ತು, ಹೊಸ ಕಾಯ್ದೆಯಲ್ಲಿ ಎರಡೇ ವರ್ಷ. ಹಳೆಯ ಬಾಕಿಯನ್ನು ಆಮೇಲೆ ನೋಡೋಣ ಎಂದು ಬಿಡುವ ಕಾಲ ಮುಗಿಯಿತು. ಅಂಗಡಿ, ವರ್ಕ್‌ಶಾಪು, ಅಡತಿ ಯಾವುದೇ ನಡೆಸುತ್ತಿರಲಿ, ಆಗಸ್ಟ್, ನವೆಂಬರ್, ಫೆಬ್ರುವರಿ, ಜೂನ್ ತಿಂಗಳ ನಡುವೆ ಒಂದು ಸಂಜೆ ನಿಮ್ಮ ಲೆಕ್ಕದವರ ಪಕ್ಕ ಕುಳಿತು ಬಿಲ್ಲುಗಳನ್ನೂ ತೆರಿಗೆ ಜಮಾ ಪಟ್ಟಿಯನ್ನೂ ಸಾಲು ಸಾಲಾಗಿ ಹೊಂದಿಸಿ ನೋಡಿ. ಜೊತೆ ಸಿಗದ ಸಾಲಿಗೆ ಮರುದಿನವೇ ಪತ್ರ ಕೊಡಿ.